ಎರಡು ದಾಟಿದ ಮಗು ಊಟ ಬಿಟ್ಟಿತೇ? ಅರ್ಧ ಇಡ್ಲಿಯ ಲೆಕ್ಕ

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ ಎರಡೂವರೆ ವರ್ಷ. ಹುಟ್ಟಿದಾಗ 2.9 ಕೆ.ಜಿ. ಇದ್ದಳು. ಒಂದು ವರ್ಷಕ್ಕೆ 9.1, ಎರಡಕ್ಕೆ 11.4, ಈಗ 12.4. ಎತ್ತರ ಒಂದು ವರ್ಷಕ್ಕೆ 74 ಸೆಂ.ಮೀ., ಎರಡಕ್ಕೆ 86, ಈಗ 90. ಮೊದಲು ಬಟ್ಟಲು ತುಂಬ ರಾಗಿ ಸರಿ ತಿನ್ನುತ್ತಿದ್ದವಳು ಈಗ ಬೆಳಿಗ್ಗೆ ಒಂದು ಇಡ್ಲಿ, ಮಧ್ಯಾಹ್ನ, ರಾತ್ರಿ ನಾಲ್ಕು ತುತ್ತು ಅನ್ನ, ಅಷ್ಟೇ. ಹಾಲು ಮಾತ್ರ ಪುಡಿ, ಸಕ್ಕರೆ ಹಾಕಿ ದಿನಕ್ಕೆ ಮೂರು ಬಾಟಲಿ ಕುಡಿಯುತ್ತಾಳೆ. ಸಂಜೆ ನಾಲ್ಕು ಬಿಸ್ಕೆಟ್, ಒಂದು ಬಾಳೆಹಣ್ಣು. ನಮ್ಮ ಅತ್ತೆ ತಟ್ಟೆ ಹಿಡಿದು ಅವಳ ಹಿಂದೆ ಒಂದೊಂದು ಗಂಟೆ ಓಡಾಡುತ್ತಾರೆ. ನಾದಿನಿಯ ಮಗ ಅದೇ ವಯಸ್ಸಿನವನು, 15 ಕೆ.ಜಿ. ಇದ್ದಾನೆ. ಹಸಿವಿನ ಟಾನಿಕ್ ಕೊಡಬಹುದೇ?
— ಒಬ್ಬ ತಾಯಿ, ಪಾಂಡವಪುರ

ಉತ್ತರ: ಟಾನಿಕ್ ಬೇಡ. ಏಕೆ ಬೇಡ ಎನ್ನುವುದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕು. ನೀವು ಅಂಕಿಗಳನ್ನು ಬರೆದಿಟ್ಟುಕೊಂಡಿದ್ದರಿಂದ ಆ ಲೆಕ್ಕವನ್ನು ನಿಮ್ಮ ಮಗಳ ಮೇಲೆಯೇ ಹಾಕಬಹುದು. ಮೈಸೂರಿನ ನನ್ನ ಕ್ಲಿನಿಕ್ಕಿಗೆ ಇದೇ ದೂರು ಹೊತ್ತು ಬರುವ ಹತ್ತು ತಾಯಂದಿರಲ್ಲಿ ಎಂಟು ಮಂದಿಯ ಬಳಿ ಹಳೆಯ ತೂಕವೇ ಇರುವುದಿಲ್ಲ. "ಮೊದಲು ಗುಂಡುಗುಂಡಗೆ ಇದ್ದಳು" ಎನ್ನುವ ಒಂದು ಫೋಟೊ ಮಾತ್ರ ಮೊಬೈಲಿನಲ್ಲಿ ಇರುತ್ತದೆ.

ಮೊದಲ ವರ್ಷದಲ್ಲಿ ನಿಮ್ಮ ಮಗಳು 6.2 ಕೆ.ಜಿ. ಏರಿದಳು. ಎರಡನೇ ವರ್ಷದಲ್ಲಿ ಏರಿದ್ದು 2.3 ಕೆ.ಜಿ. ಅಂದರೆ ವೇಗ ಕುಸಿದದ್ದು ಎರಡನೇ ಹುಟ್ಟುಹಬ್ಬದ ನಂತರವಲ್ಲ, ಮೊದಲನೆಯದರ ಆಸುಪಾಸಿನಲ್ಲೇ. ಆಗ ನೀವು ಅದನ್ನು ಗಮನಿಸಲಿಲ್ಲ, ಏಕೆಂದರೆ ಮಗು ನಡೆಯಲು ಕಲಿಯುತ್ತಿತ್ತು, ಮಾತು ಬರುತ್ತಿತ್ತು, ಮನೆಯವರೆಲ್ಲರ ಕಣ್ಣು ಅತ್ತ ಇತ್ತು. ಈಗ ಕಳೆದ ಆರು ತಿಂಗಳಲ್ಲಿ ಒಂದು ಕೆ.ಜಿ. ಏರಿದ್ದಾಳೆ. ಇದೇ ವೇಗದಲ್ಲಿ ಹೋದರೆ ವರ್ಷಕ್ಕೆ ಎರಡು ಕೆ.ಜಿ. ಆಯಿತು. ಎರಡು ವರ್ಷ ದಾಟಿದ ಮೇಲೆ ಮಕ್ಕಳು ಬೆಳೆಯುವುದೇ ವರ್ಷಕ್ಕೆ ಎರಡು, ಎರಡೂವರೆ ಕೆ.ಜಿ. ಹೀಗೆ ಹಲವು ವರ್ಷ ನಡೆಯುತ್ತದೆ. ಹರೆಯ ಹತ್ತಿರ ಬರುವವರೆಗೆ ಮತ್ತೆ ಆ ಮೊದಲ ವರ್ಷದ ನಾಗಾಲೋಟ ಇಲ್ಲ.

ಈಗ ಇದನ್ನು ಊಟದ ಭಾಷೆಗೆ ತರುತ್ತೇನೆ. ಮೈಯಲ್ಲಿ ಒಂದು ಗ್ರಾಂ ಹೊಸದಾಗಿ ಬೆಳೆಯಲು ಸರಿಸುಮಾರು ಐದು ಕ್ಯಾಲೊರಿ ಖರ್ಚಾಗುತ್ತದೆ. ಹುಟ್ಟಿದ ಮೊದಲ ಎರಡು ಮೂರು ತಿಂಗಳಲ್ಲಿ ಮಗು ದಿನಕ್ಕೆ 30 ಗ್ರಾಂವರೆಗೆ ಏರುತ್ತದೆ. ಅದಕ್ಕೇ 150 ಕ್ಯಾಲೊರಿ ಬೇಕು. ಆ ವಯಸ್ಸಿನಲ್ಲಿ ಮಗು ದಿನವಿಡೀ ಕುಡಿಯುವ ಹಾಲಿನಲ್ಲಿ ಇರುವುದು ಹೆಚ್ಚುಕಡಿಮೆ 500 ಕ್ಯಾಲೊರಿ. ಕುಡಿದದ್ದರಲ್ಲಿ ಮೂರನೇ ಒಂದು ಭಾಗದಷ್ಟು ಬರೀ ಬೆಳೆಯುವುದಕ್ಕೇ ಹೋಗುತ್ತಿದೆ ಎಂದಾಯಿತು. ಎಳೆಗೂಸು ಎರಡು ಗಂಟೆಗೊಮ್ಮೆ ಕಿರುಚಿ ಎದೆಗೆ ಬೀಳುವುದು ಈ ಕಾರಣಕ್ಕೆ.

ಈಗಿನ ಮಾತಿಗೆ ಬನ್ನಿ. ಆರು ತಿಂಗಳಲ್ಲಿ ಒಂದು ಕೆ.ಜಿ. ಎಂದರೆ ದಿನಕ್ಕೆ ಐದೂವರೆ ಗ್ರಾಂ. ಐದರಿಂದ ಗುಣಿಸಿದರೆ 27 ಕ್ಯಾಲೊರಿ. ನಮ್ಮ ಮನೆಗಳಲ್ಲಿ ಮಾಡುವ ಸಾಧಾರಣ ಗಾತ್ರದ ಇಡ್ಲಿ ಒಂದರಲ್ಲಿ ಐವತ್ತರ ಮೇಲೆ ಸ್ವಲ್ಪ ಇರುತ್ತದೆ. ಅಂದರೆ ನಿಮ್ಮ ಮಗಳು ಒಂದು ದಿನ ಬೆಳೆಯುವುದಕ್ಕೆ ತಗಲುವ ಖರ್ಚು ಅರ್ಧ ಇಡ್ಲಿ. ಉಳಿದ ಊಟವೆಲ್ಲ ಉಸಿರಾಟಕ್ಕೆ, ಮೈಯ ಬಿಸಿಗೆ, ಮಿದುಳಿಗೆ, ಅಂಗಳದಲ್ಲಿ ನಿಮ್ಮ ಅತ್ತೆಯನ್ನು ಓಡಾಡಿಸುವುದಕ್ಕೆ.

ಇಲ್ಲಿ ಒಂದು ತಿದ್ದುಪಡಿ. "ಎರಡು ವರ್ಷ ಆದ ಮೇಲೆ ಹಸಿವು ಕಡಿಮೆಯಾಗುತ್ತದೆ" ಎಂದು ನಾವು ವೈದ್ಯರೇ ಹೇಳುತ್ತೇವೆ. ಅದು ಪೂರ್ತಿ ಸರಿಯಲ್ಲ. ಒಂದು ವರ್ಷದಲ್ಲಿ ನಿಮ್ಮ ಮಗಳಿಗೆ ದಿನಕ್ಕೆ ಏಳುನೂರ ಚಿಲ್ಲರೆ ಕ್ಯಾಲೊರಿ ಸಾಕಿತ್ತು. ಈಗ ಸಾವಿರದ ಹತ್ತಿರ ಬೇಕು. ಒಟ್ಟು ಮೊತ್ತ ನಿಧಾನವಾಗಿ ಏರುತ್ತಲೇ ಇದೆ. ಆದರೆ ಮೊದಲ ವರ್ಷದಲ್ಲಿ ತಿಂಗಳಿಂದ ತಿಂಗಳಿಗೆ ಬಟ್ಟಲು ದೊಡ್ಡದಾಗುತ್ತಾ ಹೋಯಿತಲ್ಲ, ನಿಮ್ಮ ಮನಸ್ಸು ಅದೇ ಗತಿಯಲ್ಲಿ ಮುಂದೆ ಓಡಿತು. ಆರು ತಿಂಗಳಿಗೆ ಇಷ್ಟು, ಒಂದು ವರ್ಷಕ್ಕೆ ಇಷ್ಟು, ಹಾಗಾದರೆ ಎರಡೂವರೆಗೆ ಒಂದು ತಟ್ಟೆ ಅನ್ನ ತಿನ್ನಬೇಕಲ್ಲವೇ ಎಂದು. ಮಗುವಿನ ಹೊಟ್ಟೆ ಆ ಗತಿಯನ್ನು ಬಿಟ್ಟು ವರ್ಷವೇ ಕಳೆಯಿತು. ಜೊತೆಗೆ ಈ ವಯಸ್ಸಿನ ಹಸಿವಿಗೆ ಸಮತೆ ಇಲ್ಲ. ಒಂದು ದಿನ ಎರಡು ದೋಸೆ ತಿಂದು ಮೂರನೆಯದಕ್ಕೆ ಕೈಚಾಚುತ್ತದೆ, ಮರುದಿನ ತಟ್ಟೆ ಕಂಡರೆ ಮುಖ ತಿರುಗಿಸುತ್ತದೆ.

ಈ ಏರುಪೇರನ್ನು ಅಳೆದು ನೋಡಿದವರಿದ್ದಾರೆ. 1991ರಲ್ಲಿ ಅಮೆರಿಕದ ಸಂಶೋಧಕರು ಎರಡರಿಂದ ಐದು ವರ್ಷದ 15 ಮಕ್ಕಳ ಊಟವನ್ನು ಆರು ದಿನ ತೂಕ ಮಾಡಿ ದಾಖಲಿಸಿದರು. ಒಂದೊಂದು ಹೊತ್ತಿನ ಊಟ ಸರಾಸರಿ ಮೂರನೇ ಒಂದರಷ್ಟು ಹೆಚ್ಚುಕಡಿಮೆಯಾಗುತ್ತಿತ್ತು. ದಿನದ ಒಟ್ಟು ಮೊತ್ತ ಮಾತ್ರ ಶೇ. 10ರಷ್ಟೇ ಅಲ್ಲಾಡುತ್ತಿತ್ತು. ಬೆಳಿಗ್ಗೆ ಬಿಟ್ಟದ್ದನ್ನು ಮಧ್ಯಾಹ್ನವೋ ಸಂಜೆಯೋ ಮಕ್ಕಳು ತಾವಾಗಿಯೇ ತೂಗಿಸಿಕೊಳ್ಳುತ್ತಿದ್ದರು. ನಾವು ಒಂದೊಂದು ತುತ್ತು ಎಣಿಸುತ್ತೇವೆ, ಮಗುವಿನ ಮೈ ಇಡೀ ದಿನದ ಲೆಕ್ಕ ಇಟ್ಟಿರುತ್ತದೆ.

ಇಷ್ಟು ತಿಳಿದ ಮೇಲೆ ನಿಮ್ಮ ಮಗಳು ಈಗ ದಿನಕ್ಕೆ ಎಷ್ಟು ತಿನ್ನುತ್ತಿದ್ದಾಳೆ ಎಂದು ಕೂಡೋಣ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ನಾಲ್ಕು ತುತ್ತು ಅನ್ನವಲ್ಲ, ಮೂರು ಬಾಟಲಿ ಹಾಲು. ಒಂದು ಬಾಟಲಿಗೆ 250 ಮಿ.ಲೀ. ಎಂದುಕೊಳ್ಳುತ್ತೇನೆ. ನೀಲಿ ಪ್ಯಾಕೆಟ್ಟಿನ ಶೇ. 3 ಕೊಬ್ಬಿನ ಹಾಲಾದರೂ ಮೂರು ಬಾಟಲಿಗೆ ಸುಮಾರು 435 ಕ್ಯಾಲೊರಿ. ಪುಡಿ, ಸಕ್ಕರೆ ಸೇರಿ ಬಾಟಲಿಗೆ ಐವತ್ತರಂತೆ ಇನ್ನೂ 150. ನಾಲ್ಕು ಬಿಸ್ಕೆಟ್ಟಿಗೆ 90, ಒಂದು ಏಲಕ್ಕಿ ಬಾಳೆಹಣ್ಣಿಗೆ 50. ಕೂಡಿದರೆ 725. ಊಟದ ತಟ್ಟೆ ಇನ್ನೂ ಮುಂದೆ ಬಂದೇ ಇಲ್ಲ, ಸಾವಿರದಲ್ಲಿ ಮುಕ್ಕಾಲು ಭಾಗಕ್ಕೆ ಹತ್ತಿರ ತುಂಬಿಹೋಯಿತು. ಉಳಿದ 275ಕ್ಕೆ ಎಷ್ಟು ಬರುತ್ತದೆ? ತುಪ್ಪ ಸವರಿದ ಒಂದು ಇಡ್ಲಿ, ನಾಲ್ಕು ತುತ್ತು ಸಾರನ್ನ, ರಾತ್ರಿ ನಾಲ್ಕು ತುತ್ತು ಮೊಸರನ್ನ. ಅವಳು ತಿನ್ನುತ್ತಿರುವುದೂ ಅಷ್ಟೇ. ನಿಮ್ಮ ಮಗಳು ಊಟ ಬಿಟ್ಟಿಲ್ಲ. ಅವಳ ಊಟದ ಜಾಗದಲ್ಲಿ ಹಾಲು ಕೂತಿದೆ.

ಮಂಡ್ಯ, ಮೈಸೂರು ಸೀಮೆಯಲ್ಲಿ ಇದು ಹೆಚ್ಚು ಕಾಣುತ್ತದೆ ಎಂದು ನನಗೆ ಅನಿಸುತ್ತದೆ. ಊರೂರಿಗೆ ಡೇರಿ ಇದೆ, ಎಷ್ಟೋ ಮನೆಗಳಲ್ಲಿ ಹಸು ಇದೆ, ಹಾಲನ್ನು ಬೇಡ ಎನ್ನುವ ನಾಲಗೆ ನಮ್ಮಲ್ಲಿ ಇಲ್ಲ. "ಊಟ ಮಾಡಲಿಲ್ಲ, ಪಾಪ, ಹಾಲಾದರೂ ಕುಡಿಯಲಿ" ಎಂದು ಬಾಟಲಿ ಬರುತ್ತದೆ. ಹಾಲು ಕುಡಿದದ್ದಕ್ಕೆ ಮುಂದಿನ ಊಟ ಸೇರುವುದಿಲ್ಲ. ಊಟ ಸೇರದ್ದಕ್ಕೆ ಮತ್ತೆ ಹಾಲು. ಗಾಣದೆತ್ತಿನ ಹಾಗೆ ಅದೇ ಸುತ್ತು.

ಕ್ಯಾಲೊರಿ ಸಿಕ್ಕಿತಲ್ಲ, ಹಾಲಾದರೇನು ಅನ್ನವಾದರೇನು ಎಂದು ನೀವು ಕೇಳಬಹುದು. ತೊಂದರೆ ಇರುವುದು ಕಬ್ಬಿಣದ ಅಂಶದಲ್ಲಿ. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೆಂದೇ ಹೇಳಬೇಕು. ಅದರ ಮೇಲೆ, ಹಾಲಿನ ಕ್ಯಾಲ್ಸಿಯಂ ಮತ್ತು ಪ್ರೋಟೀನು ಬೇರೆ ಆಹಾರದಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಮುಕ್ಕಾಲು ಲೀಟರ್, ಒಂದು ಲೀಟರ್ ಹಾಲಿನ ಮೇಲೆ ತಿಂಗಳುಗಟ್ಟಲೆ ಬದುಕಿದ ಮಗುವಿನಲ್ಲಿ ರಕ್ತ ಕಡಿಮೆಯಾಗುತ್ತದೆ. ರಕ್ತ ಕಡಿಮೆಯಾದ ಮಗುವಿಗೆ ಹಸಿವು ಇನ್ನೂ ಇಂಗುತ್ತದೆ. ಆಗ ಸಹಜವಾದ ಹಸಿವಿನ ಇಳಿತ ಯಾವುದು, ಕಾಯಿಲೆಯದು ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆ ಇತ್ತು. ಅಷ್ಟು ಸಾಮಾನ್ಯವಾದದ್ದನ್ನು "ನಮ್ಮ ಮಗುವಿಗೆ ಇರಲಾರದು" ಎಂದು ಬಿಡುವಂತಿಲ್ಲ.

ನಾನೇ ಒಮ್ಮೆ ಹೀಗೆ ಬಿಟ್ಟಿದ್ದೇನೆ. ಕೆಲಸ ಶುರುಮಾಡಿದ ಹೊಸತರಲ್ಲಿ ನಂಜನಗೂಡಿನ ಕಡೆಯ ಹಳ್ಳಿಯಿಂದ ಎರಡೂಮುಕ್ಕಾಲು ವರ್ಷದ ಒಬ್ಬ ಹುಡುಗನನ್ನು ಕರೆತಂದಿದ್ದರು. ಊಟ ಮಾಡುವುದಿಲ್ಲ ಎನ್ನುವುದೇ ದೂರು. ತೂಕ ನೋಡಿದೆ, ನಕ್ಷೆಯಲ್ಲಿ ಸರಿಯಾದ ಜಾಗದಲ್ಲೇ ಇತ್ತು. ವಯಸ್ಸಿನ ಗುಣ, ಹೆದರಬೇಡಿ ಎಂದು ಕಳುಹಿಸಿದೆ. ಎರಡು ತಿಂಗಳ ಮೇಲೆ ಜ್ವರಕ್ಕೆ ಬಂದರು. ಹುಡುಗನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅವನ ಅಜ್ಜಿ ಮಾತಿನ ನಡುವೆ, ಈ ಹೈದ ಗೋಡೆಯ ಸುಣ್ಣ ಕೆರೆದು ತಿನ್ನುತ್ತಾನೆ, ಬೈದರೆ ಕೊಟ್ಟಿಗೆಗೆ ಹೋಗಿ ಮಣ್ಣು ತಿನ್ನುತ್ತಾನೆ ಎಂದರು. ಹಿಮೊಗ್ಲೋಬಿನ್ 6.8 ಇತ್ತು. ಮನೆಯಲ್ಲಿ ಹಸು ಕರೆಯುತ್ತಿತ್ತು, ಹುಡುಗ ದಿನಕ್ಕೆ ಒಂದು ಲೀಟರ್ ಹಾಲು ಕುಡಿಯುತ್ತಿದ್ದ. ಹಾಲಿನ ತೂಕ ತಕ್ಕಡಿಯಲ್ಲಿ ಚೆನ್ನಾಗಿಯೇ ಕಂಡಿತ್ತು. ಮೊದಲ ಸಲ ನಾನು ಕೇಳದೆ ಹೋದದ್ದು ಎರಡೇ ಪ್ರಶ್ನೆ: ಹಾಲು ಎಷ್ಟು, ಮಣ್ಣು ತಿನ್ನುತ್ತಾನೆಯೇ. ಈಗ ಮಗು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುತ್ತೇನೆ.

ನಿಮ್ಮನ್ನೂ ಕೇಳುತ್ತೇನೆ. ಮಗಳು ಮಣ್ಣು, ಸುಣ್ಣ, ಬಳಪ, ಕಾಗದ ತಿನ್ನುತ್ತಾಳೆಯೇ? ಕೆಳರೆಪ್ಪೆಯನ್ನು ಸ್ವಲ್ಪ ಕೆಳಗೆಳೆದು ನೋಡಿದರೆ ಒಳಗೆ ಕೆಂಪಗಿದೆಯೇ, ಬಿಳಚಿದೆಯೇ? ಎರಡಕ್ಕೂ ಸಮಾಧಾನದ ಉತ್ತರವೇ ಬಂದರೂ, ಮುಕ್ಕಾಲು ಲೀಟರ್ ಹಾಲಿನ ಕಾರಣಕ್ಕೆ ಒಮ್ಮೆ ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿ. ಈ ವಯಸ್ಸಿಗೆ 11 ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ವೈದ್ಯರು ಅವಳ ತೂಕಕ್ಕೆ ತಕ್ಕಂತೆ ಕಬ್ಬಿಣದ ಸಿರಪ್ ಬರೆಯುತ್ತಾರೆ. ಅದನ್ನು ಹಾಲಿನ ಜೊತೆ ಕೊಡಬೇಡಿ, ಕೊಟ್ಟರೆ ಕೊಟ್ಟೂ ಕೊಡದಂತೆಯೇ. ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಒಂದು ತಿಂಗಳಿಗೆ ಒಂದು ಗ್ರಾಂನಷ್ಟು ಏರಿದರೆ ಔಷಧ ಹಿಡಿಯಿತು ಎಂದು ಅರ್ಥ. ಆಗಲೂ ನಿಲ್ಲಿಸುವಂತಿಲ್ಲ, ಮೈಯಲ್ಲಿ ದಾಸ್ತಾನು ತುಂಬಲು ಇನ್ನೂ ಎರಡು ಮೂರು ತಿಂಗಳು ಬೇಕು. ಪರೀಕ್ಷೆ ಸರಿಯಿದ್ದರೂ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ ಒಂದು ಮಿ.ಲೀ. ಕಬ್ಬಿಣದ ದ್ರವ ಕೊಡುವುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಬಾಟಲಿ ಸಿಗುತ್ತದೆ. ಜಂತುಹುಳುವಿನ ಮಾತ್ರೆಯನ್ನು ಆರು ತಿಂಗಳಿಗೊಮ್ಮೆ ಅಂಗನವಾಡಿಯಲ್ಲೇ ಕೊಡುತ್ತಾರೆ, ತಪ್ಪಿಸಬೇಡಿ.

ಟಾನಿಕ್ಕಿನ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಹಸಿವಿಗೆಂದು ಅಂಗಡಿಯಲ್ಲಿ ಕೊಡುವ ಸಿರಪ್ಪುಗಳಲ್ಲಿ ಹೆಚ್ಚಾಗಿ ಇರುವುದು ಸೈಪ್ರೊಹೆಪ್ಟಡೀನ್ ಎನ್ನುವ ಅಲರ್ಜಿಯ ಔಷಧ. ಹಸಿವು ಅದರ ಅಡ್ಡಪರಿಣಾಮ. ಕುಡಿಯುವಷ್ಟು ದಿನ ಮಗು ತೂಕಡಿಸುತ್ತದೆ, ಸ್ವಲ್ಪ ಹೆಚ್ಚು ತಿನ್ನುತ್ತದೆ. ನಿಲ್ಲಿಸಿದ ಮೇಲೆ ಹಸಿವು ಹಳೆಯ ಜಾಗಕ್ಕೇ ಮರಳುತ್ತದೆ. ಅದಕ್ಕೂ ಉಪಯೋಗವಿದೆ, ಆದರೆ ಅದು ಬೇರೆ ಕಾಯಿಲೆಗಳ ಮಕ್ಕಳಿಗೆ, ವೈದ್ಯರ ಕಣ್ಣಳತೆಯಲ್ಲಿ. ಹಾಲಿಗೆ ಹಾಕುವ ಪುಡಿಗಳ ಡಬ್ಬಿಯ ಹಿಂಭಾಗವನ್ನು ಒಮ್ಮೆ ಓದಿ. ಸಕ್ಕರೆಯ ಸಾಲಿನ ಮುಂದೆ ಇರುವ ಅಂಕಿ ನೋಡಿದರೆ ಸಾಕು.

ಸರಿ, ಬಾಟಲಿ ಬಿಡಿಸುವ ಕೆಲಸ. ಗುರಿ ದಿನಕ್ಕೆ 400 ಮಿ.ಲೀ. ಹಾಲು, ಎರಡು ಲೋಟ, ಪುಡಿ ಇಲ್ಲದೆ. ಮೊಸರು, ಮಜ್ಜಿಗೆಯ ಹಾಲೂ ಇದರಲ್ಲೇ ಸೇರಿತು. ಮೊದಲು ಮಧ್ಯಾಹ್ನದ ಬಾಟಲಿ ನಿಲ್ಲಿಸಿ, ಅದು ಎಲ್ಲಕ್ಕಿಂತ ಸುಲಭ. ನಾಲ್ಕೈದು ದಿನದ ಮೇಲೆ ಬೆಳಗಿನದನ್ನು ಲೋಟಕ್ಕೆ ಬದಲಿಸಿ, ತಿಂಡಿಯ ಮುಂಚೆ ಅಲ್ಲ, ತಿಂಡಿಯ ನಂತರ ಕೊಡಿ. ರಾತ್ರಿಯದು ಕೊನೆಗೆ. ಅದೇ ಕಷ್ಟದ್ದು, ಏಕೆಂದರೆ ಅದು ಹಾಲಲ್ಲ, ನಿದ್ದೆಯ ಮಂತ್ರ. ಊಟದ ನಂತರ ಲೋಟದಲ್ಲಿ ಹಾಲು, ಬಾಯಿ ತೊಳೆಸುವುದು, ಕತೆ, ಹಾಸಿಗೆ ಎನ್ನುವ ಕ್ರಮ ಹಿಡಿಯಿರಿ. ಎರಡು ಮೂರು ರಾತ್ರಿ ಅಳು ಇದ್ದೇ ಇದೆ. ಬಾಟಲಿ ಕಚ್ಚಿಕೊಂಡೇ ಮಲಗುವ ಮಕ್ಕಳ ಮೇಲಿನ ಮುಂಬಲ್ಲುಗಳು ಹುಳುಕಾಗಿ ಕರಗುವುದನ್ನು ನೋಡಿದವರಿಗೆ ಆ ಮೂರು ರಾತ್ರಿ ದೊಡ್ಡದೆನಿಸುವುದಿಲ್ಲ.

ಮೊದಲ ವಾರದಲ್ಲಿ ನೀವು ನಿರೀಕ್ಷಿಸಬೇಕಾದದ್ದು ಇದು: ಹಾಲು ಕಡಿಮೆಯಾಯಿತೆಂದು ಅವಳು ತಕ್ಷಣ ಅನ್ನದ ಮೇಲೆ ಬೀಳುವುದಿಲ್ಲ. ನಾಲ್ಕೈದು ದಿನ ಮೊದಲಿಗಿಂತ ಕಡಿಮೆಯೇ ತಿನ್ನಬಹುದು, ತೂಕ ನೂರಿನ್ನೂರು ಗ್ರಾಂ ಇಳಿಯಲೂಬಹುದು. ಮನೆಯ ಹಿರಿಯರು ಸೋಲುವುದು ಇಲ್ಲೇ. ಐದನೇ ದಿನ ಬಾಟಲಿ ವಾಪಸು ಬಂದರೆ, ಐದು ದಿನ ಹಟ ಹಿಡಿದರೆ ಸಾಕು ಎಂದು ಮಗು ಕಲಿಯುತ್ತದೆ. ತಡೆದುಕೊಂಡರೆ ಎರಡು ಮೂರು ವಾರದಲ್ಲಿ ಊಟದ ಹೊತ್ತಿಗೆ ಹಸಿವು ಬರತೊಡಗುತ್ತದೆ. ಪುಡಿ, ಹಾಲು ಬಿಟ್ಟದ್ದರಿಂದ ದಿನಕ್ಕೆ 350 ಕ್ಯಾಲೊರಿಯಷ್ಟು ಜಾಗ ಖಾಲಿಯಾಗಿರುತ್ತದೆ. ಆ ಜಾಗಕ್ಕೆ ಬಿಸ್ಕೆಟ್ ನುಗ್ಗದ ಹಾಗೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಕೆಲಸ. ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ, ಉಳಿದ ಹೊತ್ತಿನಲ್ಲಿ ನೀರು ಬಿಟ್ಟು ಏನೂ ಇಲ್ಲ. ಎರಡು ಗಂಟೆಯ ಅಂತರವಾದರೂ ಬೇಕು.

ತಟ್ಟೆಯಲ್ಲಿ ಏನು, ಯಾವಾಗ, ಎಲ್ಲಿ ಎನ್ನುವುದು ದೊಡ್ಡವರದು. ಎಷ್ಟು ಎನ್ನುವುದು ಮಗುವಿನದು. ನೆಲದ ಮೇಲೆ ನಿಮ್ಮ ಜೊತೆಯಲ್ಲೇ ಕೂರಿಸಿ, ಇಪ್ಪತ್ತು ನಿಮಿಷ ಸಮಯ ಕೊಡಿ, ಮೊಬೈಲ್ ಇಲ್ಲದೆ. ತಿಂದಷ್ಟು ತಿಂದಳು, ತಟ್ಟೆ ಎತ್ತಿಬಿಡಿ. ಮೊಬೈಲ್ ತೋರಿಸಿ ತುರುಕಿದ ತುತ್ತು ಹೊಟ್ಟೆಗೆ ಹೋಗುತ್ತದೆ ನಿಜ, ಆದರೆ ಹೊಟ್ಟೆ ತುಂಬಿತು ಎನ್ನುವ ಸೂಚನೆಯನ್ನು ಗಮನಿಸುವ ಅಭ್ಯಾಸ ಮಗುವಿಗೆ ತಪ್ಪುತ್ತದೆ.

ಇನ್ನು ಬಡಿಸುವ ಪ್ರಮಾಣ. ನಿಮ್ಮ ಮನೆಯಲ್ಲಿ ದೊಡ್ಡವರಿಗೆ ಕಟ್ಟುವ ಮುದ್ದೆಯನ್ನು ನೆನೆಸಿಕೊಳ್ಳಿ. ಅವಳದು ನಿಂಬೆಹಣ್ಣಿನ ಗಾತ್ರದ್ದು. ಬೇಕೆಂದರೆ ಇನ್ನೊಂದು ನಿಂಬೆಹಣ್ಣು. ಅದರ ಮೇಲೆ ಅರ್ಧ ಚಮಚ ತುಪ್ಪ. ಬಸ್ಸಾರು ಮಾಡಿದ ದಿನ ಮಗುವಿಗೆ ಖಾರವೆಂದು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ ಕೊಡುವ ರೂಢಿ ಇದೆ. ಆ ತಿಳಿಯಲ್ಲಿ ಉಪ್ಪು, ಹುಳಿ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಸತ್ವವೆಲ್ಲ ಬಸಿದ ಕಾಳು, ಸೊಪ್ಪಿನ ಪಲ್ಯದಲ್ಲಿ ಉಳಿಯುತ್ತದೆ. ಖಾರ ಹಾಕುವ ಮೊದಲು ಎರಡು ಚಮಚ ಬೆಂದ ಕಾಳನ್ನು ಎತ್ತಿಟ್ಟು, ಬೆರಳಿನಿಂದ ಹಿಸುಕಿ, ನಿಂಬೆರಸ ನಾಲ್ಕು ಹನಿ ಹಿಂಡಿ ಕೊಡಿ. ಕಾಳು, ಸೊಪ್ಪು, ರಾಗಿಯಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಹುಳಿಯ ಜೊತೆ. ಮೊಟ್ಟೆ, ಮಾಂಸ ತಿನ್ನುವ ಮನೆಯಾದರೆ ವಾರಕ್ಕೆ ಎರಡು ಮೂರು ಸಲ ಕೊಡಿ, ಕಬ್ಬಿಣದ ಲೆಕ್ಕಕ್ಕೆ ಮಾಂಸದಷ್ಟು ಸಲೀಸಾದದ್ದು ಬೇರೆ ಇಲ್ಲ. ಇಡೀ ಕಡಲೆಕಾಯಿ ಬೀಜ, ಹುರಿಗಡಲೆಯನ್ನು ಮಾತ್ರ ನಾಲ್ಕು ವರ್ಷದವರೆಗೆ ಕೈಗೆ ಕೊಡಬೇಡಿ, ಓಡುತ್ತಾ ತಿಂದು ಉಸಿರುನಾಳಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಪುಡಿ ಮಾಡಿ ಕೊಡಿ. ಹೊಸ ರುಚಿಯನ್ನು ಮೊದಲ ಸಲ ಉಗುಳಿದರೆ "ಇದು ಅವಳಿಗೆ ಆಗುವುದಿಲ್ಲ" ಎಂದು ತೀರ್ಪು ಕೊಡಬೇಡಿ. ಈ ವಯಸ್ಸಿನ ಮಕ್ಕಳು ಒಂದು ಪದಾರ್ಥವನ್ನು ಒಪ್ಪಿಕೊಳ್ಳಲು ಎಂಟು ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ಬೇಕಾಗುತ್ತದೆ.

ನಾದಿನಿಯ ಮಗನ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ನಕ್ಷೆಯಲ್ಲಿ ಎರಡೂವರೆ ವರ್ಷದ ಹೆಣ್ಣುಮಗುವಿನ ನಡುಗೆರೆ 12.7 ಕೆ.ಜಿ. ಸಹಜವೆನ್ನುವ ಹರವು 10ರಿಂದ 16.5ರವರೆಗೆ ಇದೆ. ನಿಮ್ಮ ಮಗಳು ನಡುಗೆರೆಯ ಪಕ್ಕದಲ್ಲೇ ಇದ್ದಾಳೆ, ಎರಡನೇ ಹುಟ್ಟುಹಬ್ಬದಲ್ಲೂ ಅಲ್ಲೇ ಇದ್ದಳು. ಆ ಹುಡುಗನೂ ಹುಡುಗರ ಹರವಿನೊಳಗೇ ಇದ್ದಾನೆ. ಹುಟ್ಟುವಾಗಿನ ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸುವುದು ತಾಯಿಯ ಗರ್ಭದ ಸ್ಥಿತಿ. ಮುಂದಿನ ಒಂದೆರಡು ವರ್ಷದಲ್ಲಿ ಮಗು ತಂದೆತಾಯಿಯಿಂದ ಬಂದ ತನ್ನ ಗೆರೆಗೆ ಸರಿದುಕೊಳ್ಳುತ್ತದೆ. ದಪ್ಪಗೆ ಹುಟ್ಟಿದ್ದು ಕೆಳಗೆ ಇಳಿಯಬಹುದು, ಸಣ್ಣಗೆ ಹುಟ್ಟಿದ್ದು ಮೇಲೆ ಏರಬಹುದು. ಎರಡು ವರ್ಷದ ನಂತರ ಮಾತ್ರ ಆ ಗೆರೆಯನ್ನು ಸುಲಭಕ್ಕೆ ಬಿಡುವುದಿಲ್ಲ. ಹೀಗಾಗಿ ಅವಳನ್ನು ಹೋಲಿಸಬೇಕಾದದ್ದು ಅವಳ ಹಳೆಯ ಅಂಕಿಗಳೊಂದಿಗೆ.

ಎತ್ತರದಲ್ಲಿ ಒಂದು ಸಣ್ಣ ಮೋಸ ಇದೆ, ಗಮನಿಸಿ. ಎರಡು ವರ್ಷದವರೆಗೆ ಮಕ್ಕಳನ್ನು ಮಲಗಿಸಿ ಅಳೆಯುತ್ತಾರೆ, ಆಮೇಲೆ ನಿಲ್ಲಿಸಿ. ನಿಂತಾಗ ಅದೇ ಮಗು 0.7 ಸೆಂ.ಮೀ. ಕಡಿಮೆ ಬರುತ್ತದೆ. ನಿಮ್ಮ 86 ಮಲಗಿಸಿ ಅಳೆದದ್ದಾದರೆ ಅವಳು ಆರು ತಿಂಗಳಲ್ಲಿ ಬೆಳೆದದ್ದು 4 ಅಲ್ಲ, 4.7 ಸೆಂ.ಮೀ. ಎರಡರಿಂದ ಮೂರಕ್ಕೆ ಎಂಟು ಒಂಬತ್ತು ಸೆಂ.ಮೀ., ಮೂರರಿಂದ ನಾಲ್ಕಕ್ಕೆ ಏಳು, ಆಮೇಲೆ ವರ್ಷಕ್ಕೆ ಐದಾರು ಎಂದು ಲೆಕ್ಕ ಇಟ್ಟುಕೊಳ್ಳಿ.

ಮುಂದಿನ ಎರಡು ಮೂರು ವರ್ಷದಲ್ಲಿ ಇನ್ನೊಂದು ಬದಲಾವಣೆ ಕಾಣುತ್ತದೆ, ಅದನ್ನು ಈಗಲೇ ಹೇಳಿಡುತ್ತೇನೆ. ಕೆನ್ನೆಯ ಕೊಬ್ಬು ಕರಗುತ್ತದೆ, ಹೊಟ್ಟೆ ಒಳಗೆ ಹೋಗುತ್ತದೆ, ಕಾಲು ಉದ್ದವಾಗುತ್ತದೆ, ಸ್ನಾನ ಮಾಡಿಸುವಾಗ ಪಕ್ಕೆಲುಬು ಎಣಿಸುವಂತೆ ಇರುತ್ತದೆ. ಎತ್ತರಕ್ಕೆ ಹೋಲಿಸಿದರೆ ಮೈ ಎಲ್ಲಕ್ಕಿಂತ ತೆಳ್ಳಗಿರುವುದು ಐದಾರು ವರ್ಷದ ಹೊತ್ತಿಗೆ. ಶಾಲೆಗೆ ಸೇರಿಸುವ ವಯಸ್ಸು ಅದು, ಆದ್ದರಿಂದ ಬಯ್ಗುಳ ಶಾಲೆಗೆ ಬೀಳುತ್ತದೆ. ಜ್ವರ ಬಂದಾಗ ಒಂದು ವಾರ ಊಟ ನಿಲ್ಲುತ್ತದೆ, ವಾಸಿಯಾದ ಮೇಲೆ ಒಂದೆರಡು ವಾರ ಮನೆಯವರೇ ಬೆರಗಾಗುವಷ್ಟು ತಿನ್ನುತ್ತಾರೆ. ಆಗ ಬೇಕಾದಷ್ಟು ಬಡಿಸಿ, ಆದರೆ ಅದನ್ನೇ ಹೊಸ ಅಳತೆ ಎಂದುಕೊಳ್ಳಬೇಡಿ.

ಯಾವಾಗ ಇದೆಲ್ಲ ಸಮಾಧಾನವನ್ನು ಬದಿಗಿಟ್ಟು ವೈದ್ಯರ ಬಳಿ ಓಡಬೇಕು? ತೂಕ ಮೂರು ತಿಂಗಳು ಕದಲದೆ ನಿಂತರೆ ಅಥವಾ ಇಳಿದರೆ. ನಾಲ್ಕು ವರ್ಷದೊಳಗೆ ಎತ್ತರ ವರ್ಷಕ್ಕೆ ಐದೂವರೆ ಸೆಂ.ಮೀ.ಗಿಂತ ಕಡಿಮೆ ಬೆಳೆದರೆ, ತೂಕ ಚೆನ್ನಾಗಿದ್ದರೂ ಸರಿ. ಥೈರಾಯ್ಡ್ ಕಡಿಮೆಯಿರುವ ಮಗು ಗುಂಡಗೇ ಇದ್ದು ಕುಳ್ಳಾಗುತ್ತದೆ, ಅದನ್ನು ತಕ್ಕಡಿ ಹಿಡಿಯುವುದಿಲ್ಲ. ಎರಡು ವಾರ ದಾಟಿದ ಕೆಮ್ಮು ಅಥವಾ ಜ್ವರ, ಬಿಟ್ಟುಬಿಟ್ಟು ಬರುವ ಭೇದಿ, ಮಿತಿಮೀರಿದ ಬಾಯಾರಿಕೆ ಮತ್ತು ಮೂತ್ರ, ಗಟ್ಟಿ ಪದಾರ್ಥ ನುಂಗುವಾಗಲೆಲ್ಲ ಓಕರಿಕೆ ಇದ್ದರೂ ಹಾಗೆಯೇ. ವಾರಗಟ್ಟಲೆ ಮಲಬದ್ಧತೆಯಿಂದಲೂ ಹಸಿವು ಸಾಯುತ್ತದೆ, ಹಾಲು ಹೆಚ್ಚು ಕುಡಿಯುವ ಮಕ್ಕಳಲ್ಲಿ ಇದು ಸಾಮಾನ್ಯ. ನಿಮ್ಮ ಮಗಳಿಗೂ ಇದೆಯೇ ನೋಡಿ. ತಿನ್ನುತ್ತಿದ್ದ ಪದಾರ್ಥಗಳು ಒಂದೊಂದಾಗಿ ಕೈಬಿಟ್ಟು ಕೊನೆಗೆ ಐದಾರು ಮಾತ್ರ ಉಳಿದಿದ್ದರೆ, ಜೊತೆಗೆ ಮಾತೂ ಹಿಂದಿದ್ದರೆ, ಅದು ಊಟದ ಸಮಸ್ಯೆಯಲ್ಲ, ಬೆಳವಣಿಗೆಯ ತಜ್ಞರು ನೋಡಬೇಕಾದದ್ದು.

ತೂಕವನ್ನು ವಾರವಾರ ನೋಡಬೇಡಿ. ಒಂದು ಲೋಟ ನೀರು, ಒಂದು ಮೂತ್ರದಿಂದಲೇ ಕಾಲು ಕೆ.ಜಿ. ಆಚೀಚೆಯಾಗುತ್ತದೆ. ಮೂರು ತಿಂಗಳಿಗೊಮ್ಮೆ ಸಾಕು. ಅಂಗನವಾಡಿಯ ಅದೇ ತಕ್ಕಡಿಯಲ್ಲಿ, ತೆಳು ಬಟ್ಟೆಯಲ್ಲಿ, ಚಪ್ಪಲಿ ಬಿಚ್ಚಿಸಿ ನೋಡಿ. ತಾಯಿ ಕಾರ್ಡಿನ ನಕ್ಷೆಯಲ್ಲಿ ಚುಕ್ಕಿ ಹಾಕಿಸಿ. ಎತ್ತರಕ್ಕೆ ಆರು ತಿಂಗಳಿಗೊಮ್ಮೆ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ದಪ್ಪ ರಟ್ಟಿನ ಪುಸ್ತಕವನ್ನು ಗೋಡೆಗೆ ನೇರವಾಗಿ ಇಟ್ಟು ಗೆರೆ ಎಳೆಯಿರಿ.

ಇನ್ನು ಮೂರು ತಿಂಗಳಿಗೆ ನಿಮ್ಮ ಮಗಳ ತೂಕ 12.8ರಿಂದ 13ರ ಒಳಗೆ ಬಂದರೆ ನನಗೆ ಬರೆಯುವ ಅಗತ್ಯವಿಲ್ಲ. 12.4ರಲ್ಲೇ ನಿಂತಿದ್ದರೆ ಹಿಮೊಗ್ಲೋಬಿನ್ ವರದಿ, ತಾಯಿ ಕಾರ್ಡ್ ಎರಡನ್ನೂ ಹಿಡಿದು ನಿಮ್ಮ ಮಕ್ಕಳ ವೈದ್ಯರನ್ನು ಕಾಣಿ. ನಿಮ್ಮ ಅತ್ತೆಯವರಿಗೆ ತಟ್ಟೆ ಹಿಡಿದು ಓಡುವ ಕೆಲಸ ತಪ್ಪಿಸಿ, ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟುವ ಕೆಲಸ ಕೊಡಿ. ಅಷ್ಟು ಸಣ್ಣದು ನುಣ್ಣಗೆ ಉರುಳಬೇಕಾದರೆ ಅನುಭವದ ಕೈಯೇ ಬೇಕು.